ಸಾರು ‘ಕೈ’ ಆದ ದಿನ

ಮೊದಲ ತುತ್ತು ಉಂಡವರು ಏನೂ ಹೇಳಲಿಲ್ಲ. ಎರಡನೆಯ ತುತ್ತಿಗೆ ಸಾರನ್ನು ಬಟ್ಟಲಿನ ಅಂಚಿಗೆ ಸರಿಸಿ ಉಪ್ಪಿನಕಾಯಿ ನೆಂಚಿಕೊಂಡರು. ನಾನು ಸೌಟು ಹಿಡಿದು ನಿಂತಿದ್ದೆ. ಹದಿನಾಲ್ಕು ಮಂದಿ, ಬೆಳಗಿನಿಂದ ಮಳೆಯಲ್ಲಿ ನಟ್ಟಿ ಮಾಡಿ ಬಂದವರು, ಕಾಲಿನ ಕೆಸರು ತೊಳೆದು ಚಾವಡಿಯಲ್ಲಿ ಸಾಲಾಗಿ ಕೂತಿದ್ದರು. ಕಡೆಗೆ ತುದಿಯಲ್ಲಿದ್ದ ಹಿರಿಯ ಹೆಂಗಸೊಬ್ಬರು ಬಾಯಿಬಿಟ್ಟರು. “ಸಾರ್ ಕೈ ಆಯ್ತಲೆ ಅಮ್ಮ.”

ಕುಂದಾಪ್ರ ಕನ್ನಡದಲ್ಲಿ ಕಹಿಗೆ ‘ಕೈ’ ಅನ್ನುತ್ತಾರೆ. ಒಳಗೆ ಮಂಚದ ಮೇಲೆ ಜ್ವರದಲ್ಲಿ ಮಲಗಿದ್ದ ಅತ್ತೆಗೆ ಒಂದು ಚಮಚ ಸಾರು ಒಯ್ದು ಕೊಟ್ಟೆ. ಅವರು ನಾಲಿಗೆಗೆ ಸೋಕಿಸಿ ಕಣ್ಣು ಮುಚ್ಚಿದರು. “ಕೈಪೆ ಆಂಡ್,” ಎಂದರು. ಬ್ರಹ್ಮಾವರದ ಆಚೀಚೆ ಕುಂದಾಪ್ರ ಕನ್ನಡವೂ ತುಳುವೂ ಒಂದೇ ಅಂಗಳದಲ್ಲಿ ಓಡಾಡುತ್ತವೆ. ನನ್ನ ಸಾರು ಎರಡರಲ್ಲೂ ಕಹಿಯಾಗಿತ್ತು.

ಮದುವೆಯಾಗಿ ಬಂದ ಮೊದಲ ಮಳೆಗಾಲ ಅದು. ನನ್ನ ತವರು ಬೈಂದೂರು. ಹುರುಳಿ ಸಾರು ನನಗೇನೂ ಹೊಸತಲ್ಲ. ಹುರುಳಿ ಬೇಯಿಸಿ ಕಟ್ಟು ಬಸಿದು, ಕೊತ್ತಂಬರಿ, ಜೀರಿಗೆ, ಒಣಮೆಣಸು ಹುರಿದು ಅರೆದು, ಹುಣಸೆಹುಳಿ ಹಿಂಡಿ, ಕಡೆಗೆ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. ಅಮ್ಮ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಅಂದು ಕಟ್ಟು ಚೆನ್ನಾಗಿ ಬಂದಿತ್ತು, ಹುಳಿ ಉಪ್ಪು ಹದವಾಗಿತ್ತು. ಕೆಟ್ಟದ್ದು ಕಡೆಯ ಎರಡು ನಿಮಿಷದಲ್ಲಿ.

ಕೆಡಿಸಿದ್ದು ನನ್ನ ಶೋಕಿ. ಬೆಂಗಳೂರಿನಲ್ಲಿ ಓದುವಾಗ ಹೋಟೆಲುಗಳ ದಾಲ್ ತಡ್ಕಾದ ಮೇಲೆ ತೇಲುವ ಹೊಂಬಣ್ಣದ ಬೆಳ್ಳುಳ್ಳಿ ಬಿಲ್ಲೆಗಳನ್ನು ಕಂಡಿದ್ದೆ. ತೆಳ್ಳಗೆ, ಗರಿಗರಿಯಾಗಿ, ಹಲ್ಲಿಗೆ ಸಿಕ್ಕರೆ ಸಿಹಿ. ನಮ್ಮ ಕಡೆ ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಜಜ್ಜಿ ಎಣ್ಣೆಗೆ ಎಸೆಯುತ್ತಾರೆ. ಅದು ನನಗೆ ಒರಟಾಗಿ ಕಂಡಿತ್ತು. ಹಾಗಾಗಿ ಎರಡು ಇಡೀ ಗಡ್ಡೆ ಸುಲಿದು, ಮೆಟ್ಟುಕತ್ತಿಯ ಮುಂದೆ ಕೂತು ಒಂದೊಂದೇ ಎಸಳನ್ನು ಬಿಲ್ಲೆ ಮಾಡಿದೆ. ಕೆಲವು ಕಾಗದದಷ್ಟು ತೆಳು, ಕೆಲವು ಗೇರುಬೀಜದ ಹೋಳಿನಷ್ಟು ದಪ್ಪ. ಕಬ್ಬಿಣದ ಒಗ್ಗರಣೆ ಸೌಟಿಗೆ ತೆಂಗಿನೆಣ್ಣೆ ಸುರಿದು, ಅಮ್ಮ ಮಾಡುವ ಹಾಗೆಯೇ ಹೊಗೆ ಏಳುವಷ್ಟು ಕಾಯಿಸಿ ಬಿಲ್ಲೆಗಳನ್ನು ಹಾಕಿದೆ. ನೊರೆ ಉಕ್ಕಿ ಬಂತು. ಎಣಿಸಿ ಇಪ್ಪತ್ತು ಆಗುವುದರೊಳಗೆ ಅಂಚುಗಳು ಕಂದಿದವು. ನಡುಭಾಗ ಇನ್ನೂ ಬಿಳಿ. ಹೋಟೆಲಿನ ಬಣ್ಣ ಬರಲಿ ಎಂದು ಕಾದೆ. ಬಂತು ಅನ್ನಿಸಿದಾಗ ಸೌಟನ್ನು ಒಲೆಯಿಂದ ಇಳಿಸಿ ಪಕ್ಕಕ್ಕಿಟ್ಟು, ಸಾರಿನ ಉಪ್ಪು ನೋಡಲು ತಿರುಗಿದೆ. ಮತ್ತೆ ಸೌಟು ಕೈಗೆತ್ತಿಕೊಳ್ಳುವಾಗ ಬಿಲ್ಲೆಗಳು ಕಾಫಿಪುಡಿಯ ಬಣ್ಣದಲ್ಲಿದ್ದವು.

ಆಗಲಾದರೂ ಚೆಲ್ಲಬಹುದಿತ್ತು. ಎಣ್ಣೆ, ಬೆಳ್ಳುಳ್ಳಿ ಎರಡೂ ಹೋಗುತ್ತಿತ್ತು, ಸಾರು ಉಳಿಯುತ್ತಿತ್ತು. ಹೊಸ ಸೊಸೆ ಅತ್ತೆಮನೆಯ ಎಣ್ಣೆ ಚೆಲ್ಲುವುದೇ? ಚುರ್ ಎಂದು ಸಾರಿಗೆ ಮುಳುಗಿಸಿದೆ. ವಾಸನೆ ಬಂದ ಕೂಡಲೇ ತಪ್ಪು ಗೊತ್ತಾಗಿ ಜಾಲರಿ ಸೌಟಿನಿಂದ ಕರಿ ಚೂರುಗಳನ್ನೆಲ್ಲ ಹೆಕ್ಕಿದೆ, ಬೆಲ್ಲ ಹಾಕಿದೆ, ಇನ್ನಷ್ಟು ಹುಣಸೆಹುಳಿ ಬಿಟ್ಟೆ. ಸಾರು ಸಿಹಿಯೂ ಆಯಿತು, ಹುಳಿಯೂ ಆಯಿತು, ಕಹಿ ಎಲ್ಲಿತ್ತೋ ಅಲ್ಲೇ ಇತ್ತು. ಕರಟಿದ ಬೆಳ್ಳುಳ್ಳಿಯ ಕಹಿ ಚೂರಿನಲ್ಲಿ ಮಾತ್ರ ಇರುವುದಲ್ಲ, ಎಣ್ಣೆಗೆ ಇಳಿದಿರುತ್ತದೆ. ಆ ಎಣ್ಣೆ ಸಾರಿನ ಮೇಲೆಲ್ಲ ಹರಡಿಯಾದ ಮೇಲೆ ಹೆಕ್ಕುವುದಕ್ಕೆ ಏನೂ ಉಳಿದಿರುವುದಿಲ್ಲ. ಹುರುಳಿಯ ಒಗರಿನ ಜೊತೆ ಸೇರಿ ಅದು ಇನ್ನೂ ಎದ್ದು ಕಾಣುತ್ತದೆ.

ಮುಂದಿನ ವಾರ ಬೈಂದೂರಿಗೆ ಹೋದಾಗ ಅಮ್ಮನ ಮುಂದೆ ಕಣ್ಣೀರು ಹಾಕಿದೆ. ಅಮ್ಮ ಮೀನು ತೊಳೆಯುತ್ತಿದ್ದವಳು ತಲೆ ಎತ್ತಲಿಲ್ಲ. “ಜಜ್ಜುಕೆ ಹೇಳಿದ್ದ್ ಮಗಾ, ಹೆಚ್ಚುಕೆ ಅಲ್ಲ.” ಅಷ್ಟೇ.

ಅಮ್ಮ ಹೇಳಿದ್ದು ಸರಿಯಾಗಿತ್ತು, ನಾನು ಅರ್ಥ ಮಾಡಿಕೊಂಡದ್ದು ಅರ್ಧ. ಬಿಲ್ಲೆ ನಮ್ಮ ಒಗ್ಗರಣೆಗೆ ಆಗುವುದಿಲ್ಲ ಎಂದುಕೊಂಡು ಮೂರು ವರ್ಷ ಬರೀ ಜಜ್ಜಿದೆ. ಜಜ್ಜಿದ ಎಸಳು ಬಹಳ ಕ್ಷಮಿಸುತ್ತದೆ. ಅದು ದಪ್ಪ, ಒಳಗೆ ತೇವ ಇದ್ದೇ ಇರುತ್ತದೆ, ಮೇಲೆ ಸಿಪ್ಪೆಯ ಹೊದಿಕೆ. ಹೊಗೆಯಾಡುವ ಎಣ್ಣೆಗೆ ಹಾಕಿದರೂ ಸಿಪ್ಪೆ ಮೊದಲು ಕಂದುತ್ತದೆ, ತಿರುಳು ಆಮೇಲೆ. ಒಂದು ಮಗ್ಗುಲು ಸ್ವಲ್ಪ ಕಪ್ಪಾದರೂ ಇಡೀ ಎಸಳು ಕೆಡುವುದಿಲ್ಲ. ಅಮ್ಮ ಹಾಗೆ ಕಾದ ಎಣ್ಣೆಯ ಸೌಟನ್ನು ಒಂದು ಗಳಿಗೆಯೂ ಪಕ್ಕಕ್ಕಿಡದೆ ನೇರವಾಗಿ ಸಾರಿಗೆ ಅದ್ದುತ್ತಿದ್ದಳು. ಸಾರಿನ ನೀರು ಸೋಕಿದ ಕ್ಷಣವೇ ಹುರಿಯುವುದು ನಿಲ್ಲುತ್ತದೆ. ನಾನು ಅಮ್ಮನ ಬೆಂಕಿಯನ್ನು ತೆಗೆದುಕೊಂಡು, ಅಮ್ಮನ ಎಸಳನ್ನೂ ಅಮ್ಮನ ಅವಸರವನ್ನೂ ಬಿಟ್ಟಿದ್ದೆ.

ನಡುವೆ ಒಂದು ಮಾತು. ಉಡುಪಿಯ ಅಡುಗೆ ಎಂದರೆ ಬೆಳ್ಳುಳ್ಳಿ ಇಲ್ಲದ ಮಠದ ಅಡುಗೆ ಎಂದು ಹೊರಗಿನವರು ತಿಳಿದಿರುತ್ತಾರೆ. ಮಠದ ಊಟಕ್ಕೆ ಅದು ನಿಜ. ಅದೇ ಜಿಲ್ಲೆಯ ಮನೆಮನೆಯ ಬಸಳೆ ಗಸಿ, ಹುರುಳಿ ಸಾರಿಗೆ ಮಾತ್ರ ಬೆಳ್ಳುಳ್ಳಿ ಒಗ್ಗರಣೆ ಬೀಳದೆ ರುಚಿಯಿಲ್ಲ. ಕೊಂಕಣಿ ಮನೆಗಳಲ್ಲಂತೂ ಒಗ್ಗರಣೆಯ ಮೇಲೆಯೇ ಪದಾರ್ಥದ ಹೆಸರು. ತೆಂಗಿನಕಾಯಿ ಮಸಾಲೆಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ‘ಕೊದ್ದೆಲ್’, ಸಾಸಿವೆ ಕರಿಬೇವು ಬಿದ್ದರೆ ‘ಗಶ್ಶಿ’. ಕೊದ್ದೆಲ್‌ನ ಒಗ್ಗರಣೆಯಲ್ಲಿ ಸಾಸಿವೆ ಇಲ್ಲ ಎಂಬ ಈ ಸಣ್ಣ ಸಂಗತಿ ನನಗೆ ಮುಂದೆ ಬಹಳ ಉಪಕಾರಕ್ಕೆ ಬಂತು.

ಗಂಡನ ಕೆಲಸದ ದೆಸೆಯಿಂದ ನಾವು ಕುಂದಾಪುರದ ಬಾಡಿಗೆ ಮನೆಗೆ ಬಂದಿದ್ದೆವು. ಜನವರಿಯ ಒಂದು ಬೆಳಿಗ್ಗೆ. ಕರಾವಳಿಯಲ್ಲಿ ಚಳಿ ಎನ್ನುವುದು ಹೆಸರಿಗೆ ಮಾತ್ರ, ಆದರೆ ತೆಂಗಿನೆಣ್ಣೆಗೆ ಅಷ್ಟು ಸಾಕು. 24 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಗಟ್ಟಿಯಾಗತೊಡಗುತ್ತದೆ. ಡಬ್ಬದಲ್ಲಿ ಎಣ್ಣೆ ಬಿಳಿ ಗಡ್ಡೆಯಾಗಿತ್ತು. ಬಸಳೆಗೆ ಒಗ್ಗರಣೆ ಆಗಬೇಕಿತ್ತು. ಬೆಳ್ಳುಳ್ಳಿ ಜಜ್ಜೋಣವೆಂದರೆ ಪಕ್ಕದ ಕೋಣೆಯಲ್ಲಿ ಮಗು ಈಗಷ್ಟೇ ನಿದ್ದೆ ಹೋಗಿತ್ತು, ಕುಟ್ಟಾಣಿಯ ಸದ್ದಿಗೆ ಎದ್ದರೆ ನನ್ನ ಬೆಳಗು ಮುಗಿದ ಹಾಗೆ. ಚಾಕುವಿನಲ್ಲಿ ಸದ್ದಿಲ್ಲದೆ ಹೆಚ್ಚಿ, ಚಮಚದಲ್ಲಿ ಎಣ್ಣೆ ಕೆರೆದು ಬಾಣಲೆಗೆ ಹಾಕಿ, ಬಿಲ್ಲೆಗಳನ್ನು ಆ ಬಿಳಿ ಗಡ್ಡೆಯ ಮೇಲೆಯೇ ಸುರಿದು, ಸಣ್ಣ ಒಲೆಯ ಸಣ್ಣ ಉರಿಗಿಟ್ಟು ಬಸಳೆಯ ಕಡೆ ತಿರುಗಿದೆ. ಎಣ್ಣೆ ಕರಗಿ, ಬಿಸಿಯಾಗಿ, ಗುಳ್ಳೆ ಬಂದು, ನಾನು ನೋಡಿದಾಗ ಬಿಲ್ಲೆಗಳೆಲ್ಲ ಒಂದೇ ಬಣ್ಣ. ಅಂಚು ಬೇರೆ, ನಡು ಬೇರೆ ಅಲ್ಲ. ಒಣಹುಲ್ಲಿನ ಹಳದಿ. ಗಾಬರಿಯಿಂದ ಬಸಳೆಗೆ ಸುರಿದೆ. ಒಂದು ಬಿಲ್ಲೆ ಬಾಣಲೆಯಲ್ಲಿ ಅಂಟಿಕೊಂಡಿತ್ತು. ಬಾಯಿಗೆ ಹಾಕಿದರೆ ಬೆಂಗಳೂರು.

ಒಮ್ಮೆ ಆದದ್ದು ಅದೃಷ್ಟವೂ ಇರಬಹುದು. ಆ ಭಾನುವಾರ ಎರಡು ಒಂದೇ ಅಳತೆಯ ಬಾಣಲೆ ತೆಗೆದುಕೊಂಡು ಕೂತೆ. ಪ್ರತಿಯೊಂದಕ್ಕೂ ಎಂಟು ಎಸಳು, ಮೂರು ದೊಡ್ಡ ಚಮಚ ತೆಂಗಿನೆಣ್ಣೆ. ಬಿಲ್ಲೆಗಳನ್ನು ಈ ಸಲ ಮನಸ್ಸಿಟ್ಟು ಹೆಚ್ಚಿದೆ, ಎಲ್ಲವೂ ಒಂದು ರೂಪಾಯಿ ನಾಣ್ಯದ ದಪ್ಪ, ಅಂದರೆ ಹತ್ತಿರ ಹತ್ತಿರ ಒಂದೂವರೆ ಮಿಲಿಮೀಟರ್. ಗಂಡ ಫೋನಿನ ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತರು.

ಮೊದಲು ಬಿಸಿ ಎಣ್ಣೆ. ಕರಿಬೇವಿನ ಎಲೆ ಬಿದ್ದರೆ ಪಟಪಟ ಸಿಡಿಯುವಷ್ಟು ಕಾಯಿಸಿ ಬಿಲ್ಲೆ ಹಾಕಿದೆ. ನೊರೆ ಉಕ್ಕಿತು. 25 ಸೆಕೆಂಡಿಗೆ ಅಂಚು ಹಳದಿ, 40ಕ್ಕೆ ಅಂಚು ಕಂದು, ನಡು ಬಿಳಿ. 50ಕ್ಕೆ ತೆಗೆದು ತಟ್ಟೆಗೆ ಹರಡಿದೆ. ತಟ್ಟೆಯಲ್ಲೂ ಬಣ್ಣ ಏರುತ್ತಲೇ ಹೋಯಿತು. ಆರಿದ ಮೇಲೆ ಅಂಚು ಕಹಿ, ನಡು ಮೆತ್ತಗೆ, ಅರ್ಧ ಹಸಿ. ಒಂದೇ ಬಿಲ್ಲೆಯಲ್ಲಿ ಎರಡು ತಪ್ಪು.

ಆಮೇಲೆ ತಣ್ಣನೆ ಎಣ್ಣೆ. ಬಿಲ್ಲೆಗಳು ತಮ್ಮ ರಸದಲ್ಲೇ ಅಂಟಿಕೊಂಡಿರುತ್ತವೆ, ಒಲೆ ಹಚ್ಚುವ ಮುಂಚೆಯೇ ಬೆರಳಿನಿಂದ ಎಣ್ಣೆಯಲ್ಲಿ ಬಿಡಿಸಿದೆ. ಇದು ಬಿಸಿ ಎಣ್ಣೆಯಲ್ಲಿ ಸಾಧ್ಯವೇ ಇಲ್ಲದ ಕೆಲಸ. ಸಣ್ಣ ಉರಿ. ಎರಡು ನಿಮಿಷದ ಹೊತ್ತಿಗೆ ಬಿಲ್ಲೆಗಳ ಸುತ್ತ ಸೂಜಿಮೊನೆಯಷ್ಟು ಗುಳ್ಳೆ. ಮೂರು, ನಾಲ್ಕನೆಯ ನಿಮಿಷದಲ್ಲಿ ಸದ್ದು ಜೋರು, ಅಡುಗೆಮನೆ ತುಂಬ ಪರಿಮಳ, ಆದರೂ ಬಣ್ಣ ಒಂಚೂರೂ ಬದಲಾಗಿಲ್ಲ. ಐದು ದಾಟಿದ ಮೇಲೆ ಗುಳ್ಳೆಗಳು ವಿರಳವಾದವು, ಸದ್ದು ಇಳಿಯಿತು. ಆಗ ಬಣ್ಣ ಬಂತು. ಒಣಹುಲ್ಲಿನ ಹಳದಿಗೆ ಬಂದ ಕೂಡಲೇ ತೆಗೆದೆ. ತಟ್ಟೆಯ ಮೇಲೆ ಅರ್ಧ ನಿಮಿಷದಲ್ಲಿ ತಾನಾಗಿ ಹೊಂಬಣ್ಣಕ್ಕೆ ತಿರುಗಿ, ಆರಿದ ಮೇಲೆ ಗರಿಗರಿಯಾಯಿತು.

ಕಾರಣ ನೀರು. ಹಸಿ ಬೆಳ್ಳುಳ್ಳಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಬಿಲ್ಲೆಯೊಳಗೆ ಆ ನೀರು ಇರುವ ತನಕ ಅದರ ಬಿಸಿ ನೀರು ಕುದಿಯುವ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಸುತ್ತಲಿನ ಎಣ್ಣೆ ಎಷ್ಟೇ ಕಾದಿರಲಿ. ನಾವು ನೋಡುವ ಗುಳ್ಳೆ ಎಣ್ಣೆಯದಲ್ಲ, ಬೆಳ್ಳುಳ್ಳಿಯಿಂದ ಹೊರಬರುವ ಆವಿ. ಬೆಳ್ಳುಳ್ಳಿಯ ಸಕ್ಕರೆಯ ಅಂಶ ಮತ್ತು ಪ್ರೋಟೀನಿನ ಅಂಶ ಸೇರಿ ಕೆಂಪಾಗುವ ಕೆಲಸ ಬಿರುಸಾಗಬೇಕಾದರೆ ಅದಕ್ಕಿಂತ ಬಹಳ ಹೆಚ್ಚು, ಸುಮಾರು 140 ಡಿಗ್ರಿ ಬೇಕು. ಹಾಗಾಗಿ ನೀರು ಹೋಗುವ ತನಕ ಬಣ್ಣ ಬರುವುದಿಲ್ಲ. ನೀರು ಹೋದ ಮೇಲೆ ತಡೆಯುವವರು ಯಾರೂ ಇಲ್ಲ, ಬಿಲ್ಲೆ ಎಣ್ಣೆಯ ಬಿಸಿಗೆ ಜಿಗಿಯುತ್ತದೆ. ಸಾಸಿವೆ ಸಿಡಿಯುವ ಎಣ್ಣೆಯಲ್ಲಿ ಅಂಚಿನ ನೀರು ನಡುವಿಗಿಂತ ಬಹಳ ಮೊದಲೇ ಹಾರಿ, ನಡು ಇನ್ನೂ ಬೇಯುತ್ತಿರುವಾಗಲೇ ಅಂಚು ಹೊನ್ನನ್ನು ದಾಟಿ ಕಂದಿಗೆ, ಕಂದನ್ನು ದಾಟಿ ಕರಟಿಗೆ ಹೋಗಿರುತ್ತದೆ. ತಣ್ಣನೆ ಎಣ್ಣೆಯಿಂದ ಹೊರಟರೆ ಬಿಲ್ಲೆ ಮತ್ತು ಎಣ್ಣೆ ಜೊತೆಜೊತೆಗೆ ಕಾಯುತ್ತವೆ. ಇಡೀ ಬಿಲ್ಲೆ ಒಣಗುವ ಹೊತ್ತಿಗೆ ಎಣ್ಣೆ ಬಣ್ಣ ಬರಿಸುವಷ್ಟು ಕಾದಿರುತ್ತದೆ, ಸುಡುವಷ್ಟಲ್ಲ. ಹೊಂಬಣ್ಣಕ್ಕೂ ಕಹಿಗೂ ನಡುವೆ ಆಗ ಅರ್ಧ ನಿಮಿಷವಾದರೂ ಸಿಗುತ್ತದೆ. ಬಿಸಿ ಎಣ್ಣೆಯಲ್ಲಿ ಸಿಗುವುದು ಹತ್ತು ಸೆಕೆಂಡು. ಅಷ್ಟರೊಳಗೆ ಉಪ್ಪು ನೋಡಲು ತಿರುಗುವವರಿಗೆ ಅದು ಸಾಲದು.

ಹಾಗಾಗಿ ನಾನೀಗ ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬುತ್ತೇನೆ. ಸದ್ದು ಜೋರಾಗಿರುವ ತನಕ ಬಸಳೆಯ ಕಡೆ ನೋಡಬಹುದು. ಸದ್ದು ಇಳಿಯಿತು ಎಂದರೆ ನೀರು ಮುಗಿಯಿತು, ಇನ್ನು ಅಲ್ಲಾಡಬಾರದು.

ಇಷ್ಟು ತಿಳಿದ ಮೇಲೆ ಮತ್ತೆ ಕೆಡಿಸಲಿಲ್ಲವೇ? ಎರಡು ಸಲ ಕೆಡಿಸಿದೆ. ಮೊದಲನೆಯದು ಅವಸರದಲ್ಲಿ. ತಣ್ಣನೆ ಎಣ್ಣೆ ಹಾಕಿದ್ದೇನಲ್ಲ ಎಂಬ ಧೈರ್ಯದಿಂದ ಉರಿ ದೊಡ್ಡದು ಮಾಡಿದೆ. ತೆಳು ತಳದ ಅಲ್ಯೂಮಿನಿಯಂ ಬಾಣಲೆ, ಎಣ್ಣೆ ಒಂದೇ ಚಮಚ. ಅಷ್ಟು ಕಡಿಮೆ ಎಣ್ಣೆ ಒಂದು ನಿಮಿಷದೊಳಗೆ ಕಾದು ಹೋಗುತ್ತದೆ, ಬಿಲ್ಲೆ ಒಣಗಲು ಸಮಯವೇ ಇಲ್ಲ. ಹೊರಟದ್ದು ತಣ್ಣಗೆ, ಸೇರಿದ್ದು ಮತ್ತೆ ಅದೇ ಕಹಿಗೆ. ಬಿಲ್ಲೆಗಳು ಮುಳುಗುವಷ್ಟು ಎಣ್ಣೆ ಬೇಕು, ಬಾಣಲೆಯನ್ನು ಓರೆ ಮಾಡಿ ಒಂದು ಕಡೆ ಎಣ್ಣೆ ನಿಲ್ಲಿಸಿದರೂ ಆಗುತ್ತದೆ, ಉರಿ ಕಡೆತನಕ ಸಣ್ಣದೇ ಇರಬೇಕು.

ಎರಡನೆಯದು ಸಾಸಿವೆಯಿಂದ. ತೊಗರಿಬೇಳೆಯ ತೊವ್ವೆಗೆ ಸಾಸಿವೆ, ಒಣಮೆಣಸು, ಕರಿಬೇವು, ಬೆಳ್ಳುಳ್ಳಿ ಎಲ್ಲ ಬೇಕಿತ್ತು. ತಣ್ಣನೆ ಎಣ್ಣೆಗೆ ಎಲ್ಲವನ್ನೂ ಒಟ್ಟಿಗೆ ಸುರಿದೆ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬಂದಾಗ ಸಾಸಿವೆ ಇನ್ನೂ ಸುಮ್ಮನೆ ಕೂತಿತ್ತು. ಸಾಸಿವೆ ಸಿಡಿಯಲಿ ಎಂದು ಕಾದರೆ ಬೆಳ್ಳುಳ್ಳಿ ಹೋಯಿತು. ಇಬ್ಬರಿಗೂ ಬೇಕಾದ ಬಿಸಿಯೇ ಬೇರೆ. ಆಗ ಕೊದ್ದೆಲ್ ನೆನಪಾಯಿತು. ಸಾಸಿವೆಯಿಲ್ಲದ ಆ ಒಗ್ಗರಣೆಯಲ್ಲಿ ಎಣ್ಣೆಗೆ ಬೆಳ್ಳುಳ್ಳಿಯೊಂದೇ ಯಜಮಾನ, ತಣ್ಣನೆ ಎಣ್ಣೆಯ ದಾರಿ ಅಲ್ಲಿ ಸಲೀಸು. ಹುರುಳಿ ಸಾರಿಗೂ ನಾನು ಸಾಸಿವೆ ಬಿಟ್ಟೆ. ಎರಡೂ ಬೇಕೇ ಬೇಕು ಎಂದಾಗ ಬೆಳ್ಳುಳ್ಳಿಯನ್ನು ತಣ್ಣನೆಯಿಂದ ಹುರಿದು ಹೊರಗೆ ತೆಗೆದಿಟ್ಟು, ಅದೇ ಎಣ್ಣೆಯನ್ನು ಇನ್ನಷ್ಟು ಕಾಯಿಸಿ ಸಾಸಿವೆ ಸಿಡಿಸಿ, ಮೆಣಸು ಕರಿಬೇವು ಹಾಕಿ ಬೇಳೆಗೆ ಸುರಿದು, ಬಿಲ್ಲೆಗಳನ್ನು ಬಡಿಸುವಾಗ ಮೇಲೆ ಉದುರಿಸುತ್ತೇನೆ. ಪರಿಮಳ ಆಗಲೇ ಎಣ್ಣೆಗೆ ಬಂದಿರುವುದರಿಂದ ನಷ್ಟವಿಲ್ಲ.

ಎಲ್ಲಿ ನಿಲ್ಲಿಸಬೇಕು ಎಂಬುದು ಒಗ್ಗರಣೆ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲಿದೆ. ನೇರವಾಗಿ ಸಾರಿಗೆ ಅದ್ದುವುದಾದರೆ ಹೊಂಬಣ್ಣದ ತನಕ ಕಾಯಬಹುದು, ಸಾರೇ ಬೆಂಕಿ ಆರಿಸುತ್ತದೆ. ತೆಗೆದು ಇಡುವುದಾದರೆ ಒಣಹುಲ್ಲಿನ ಹಳದಿಗೇ ಎತ್ತಬೇಕು. ಕಬ್ಬಿಣದ ಸೌಟಿನಲ್ಲಿ ಬಿಟ್ಟಿರುವುದಾದರೆ ಇನ್ನೂ ಬೇಗ. ಒಲೆಯಿಂದ ಇಳಿಸಿದ ಮಾತ್ರಕ್ಕೆ ಕಬ್ಬಿಣ ತಣ್ಣಗಾಗುವುದಿಲ್ಲ, ನಟ್ಟಿಯ ದಿನ ನನ್ನನ್ನು ಕೆಡಿಸಿದ ಕಡೆಯ ಅರ್ಧ ನಿಮಿಷ ಅದರದ್ದೇ.

ಗಡಿಯಾರ ಮಾತ್ರ ನಂಬಬಾರದು. ಬೆಳ್ಳುಳ್ಳಿ ನಮ್ಮ ಕರಾವಳಿಯ ಬೆಳೆಯಲ್ಲ, ಘಟ್ಟದ ಆಚೆಯಿಂದ ಬರುವುದು. ಬೇಸಿಗೆಯ ಮೊದಲಿಗೆ ಬರುವ ಹೊಸ ಗಡ್ಡೆಯಲ್ಲಿ ರಸ ಹೆಚ್ಚು, ನನ್ನ ಆರು ನಿಮಿಷ ಏಳೂವರೆಯಾಗುತ್ತದೆ. ತಿಂಗಳುಗಟ್ಟಲೆ ಇಟ್ಟು ಒಣಗಿದ್ದು ನಾಲ್ಕೂವರೆಗೇ ಬಣ್ಣಕ್ಕೆ ಬಂದದ್ದೂ ಉಂಟು. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ತೇವಕ್ಕೆ ಎಸಳಿನ ಒಳಗೆ ಹಸಿರು ಮೊಳಕೆ ಬರುತ್ತದೆ. ಅದಕ್ಕೆ ತನ್ನದೇ ಒಂದು ಕಟುವಾದ ರುಚಿ ಇರುವುದರಿಂದ ಎಸಳನ್ನು ಸೀಳಿ ಎಳೆದು ಹಾಕುತ್ತೇನೆ.

ಅತ್ತೆ ನನ್ನ ಬಿಲ್ಲೆಗಳನ್ನು ಒಪ್ಪಿದರು, ಆದರೆ ಹುರುಳಿ ಸಾರಿಗಲ್ಲ. “ಇದ್ ಬರೀ ಸಿಹಿ ಪರಿಮಳ, ಮೂಗಿಗೆ ಹೊಡೂದಿಲ್ಲ,” ಎನ್ನುತ್ತಾರೆ. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ತಣ್ಣನೆಯಿಂದ ನಿಧಾನ ಬೆಂದ ಬೆಳ್ಳುಳ್ಳಿಯ ಖಾರ ಇಳಿದು ಮೃದುವಾಗುತ್ತದೆ, ಕಾದ ಎಣ್ಣೆಗೆ ಬಿದ್ದ ಜಜ್ಜಿದ ಎಸಳಿನ ಒಳಗೆ ಹಸಿ ಘಾಟು ಸ್ವಲ್ಪ ಉಳಿದೇ ಇರುತ್ತದೆ. ಕುಚ್ಚಲಕ್ಕಿ ಅನ್ನದ ಮೇಲಿನ ಹುರುಳಿ ಸಾರಿಗೆ ಆ ಘಾಟೇ ಬೇಕು ಎನ್ನುವವರಿಗೆ ಜಜ್ಜಿದ್ದೇ ಸರಿ. ಈಗ ನಾನು ಎರಡನ್ನೂ ಮಾಡುತ್ತೇನೆ, ಅವರಿಲ್ಲದಾಗ ಬಿಲ್ಲೆ.

ಕಳೆದ ನಟ್ಟಿಗೆ ಬ್ರಹ್ಮಾವರಕ್ಕೆ ಹೋಗಿದ್ದೆ. ಹೆಚ್ಚಿನ ಗದ್ದೆಯನ್ನು ಯಂತ್ರವೇ ನೆಟ್ಟಿತ್ತು, ಮೂಲೆಗಳನ್ನು ಕೈಯಲ್ಲಿ ನೆಡಲು ನಾಲ್ಕು ಮಂದಿ ಬಂದಿದ್ದರು. ಅತ್ತೆ ಸೊಂಟನೋವೆಂದು ಒಲೆಯನ್ನು ನನಗೇ ಬಿಟ್ಟರು. ಸಣ್ಣ ಉರಿಯಲ್ಲಿ, ಸದ್ದು ಇಳಿಯುವ ತನಕ ಸೌಟಿನ ಮುಂದಿನಿಂದ ಕದಲದೆ ಬಿಲ್ಲೆ ಹುರಿದು ಸಾರಿಗೆ ಅದ್ದಿದೆ. ಊಟಕ್ಕೆ ಕೂತವರಲ್ಲಿ ಅಂದು ಮೊದಲು ಬಾಯಿಬಿಟ್ಟ ಆ ಹಿರಿಯ ಹೆಂಗಸೂ ಇದ್ದರು. ನಾನು ಸಾರಿನ ಪಾತ್ರೆ ಹಿಡಿದು ಬರುವುದನ್ನು ಕಂಡು, ಬಡಿಸುವ ಮೊದಲೇ ಅವರು ಉಪ್ಪಿನಕಾಯಿಯ ಭರಣಿಯನ್ನು ಮೆಲ್ಲಗೆ ತಮ್ಮ ಹತ್ತಿರ ಎಳೆದುಕೊಂಡರು.